ಸ್ಥಿರಾಸ್ತಿ ಮಾರಾಟದ ಬಗ್ಗೆ ಬರೆದುಕೊಟ್ಟ ವಿಶೇಷ ಅಧಿಕಾರ ಪತ್ರ

2025ನೇ ಇಸವಿ ನವೆಂಬರ್ ಮಾಹೆ 14ನೇ ತಾರೀಖು ಶುಕ್ರವಾರದಂದು, ಜರ್ಮನಿ ದೇಶದ ಮ್ಯೂನಿಕ್ ನಗರದಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯಲ್ಲಿ,

ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕು, ಮಂಡಗದ್ದೆ ಹೋಬಳಿ, ಮಂಡಗದ್ದೆ ಗ್ರಾಮದಲ್ಲಿ ವಾಸವಾಗಿರುವ, ದಿವಂಗತ ಎಂ. ಕೆ. ತಿಮ್ಮಪ್ಪಗೌಡರ ಮಗ, ಸುಮಾರು 44 ವರ್ಷ ವಯಸ್ಸಿನ, ಕೃಷಿಕರಾದ ಶ್ರೀ ಎಂ. ಟಿ. ಪ್ರಶಾಂತ ಆದ ನಿಮಗೆ,

ಅದೇ ತಿಮ್ಮಪ್ಪಗೌಡರ ಮಗಳು, ಶ್ರೀ ಬಿ. ಎನ್. ಸುಧೀಂದ್ರ ಅವರ ಪತ್ನಿ, ಸುಮಾರು 48 ವರ್ಷ ವಯಸ್ಸಿನ, ಭಾರತದ ಪಾಸ್‌ಪೋರ್ಟ್ ಹೊಂದಿ ಉದ್ಯೋಗ ನಿಮಿತ್ತ ಮ್ಯೂನಿಕ್ ನಗರದ ಶ್ವಾಬಿಂಗ್ ಬಡಾವಣೆಯಲ್ಲಿ ವಾಸವಾಗಿರುವ ಶ್ರೀಮತಿ ಎಂ. ಟಿ. ವಿನುತಾ ಆದ ನಾನು ಬರೆದುಕೊಟ್ಟ ವಿಶೇಷ ಅಧಿಕಾರ ಪತ್ರದ ಕ್ರಮವೇನೆಂದರೆ:

ಕೆಳಗೆ ಷೆಡ್ಯೂಲಿನಲ್ಲಿ ವಿವರಿಸಿರುವ ಶಿವಮೊಗ್ಗ ನಗರದ ವಿನೋಬನಗರದ ಮನೆ ಮತ್ತು ನಿವೇಶನವು ನಮ್ಮ ತಂದೆಯವರ ಸ್ವಯಾರ್ಜಿತವಾಗಿದ್ದು, ಅವರು ಕಾಲವಾದ ನಂತರ ನಮ್ಮ ತಾಯಿ ಶ್ರೀಮತಿ ಕಮಲಮ್ಮನವರು, ನೀವು ಮತ್ತು ನಾನು ಸೇರಿ ಮಾಡಿಕೊಂಡ ವಿಭಾಗ ಪತ್ರದ ಮೂಲಕ ನನ್ನ ಪಾಲಿಗೆ ಬಂದಿರುತ್ತದೆ. ಸದರಿ ವಿಭಾಗ ಪತ್ರವು ಶಿವಮೊಗ್ಗ ಉಪನೋಂದಣಾಧಿಕಾರಿಗಳ ಕಚೇರಿಯ 1ನೇ ಪುಸ್ತಕದಲ್ಲಿ 2187/2014-15ನೇ ನಂಬರಾಗಿ ನೋಂದಣಿಯಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಕಲಂ 14ರ ಪ್ರಕಾರ ಹೀಗೆ ವಿಭಾಗದಲ್ಲಿ ಬಂದ ಸ್ವತ್ತಿಗೆ ನಾನು ಪೂರ್ಣ ಒಡೆಯಳಾಗಿದ್ದು, ನನ್ನ ಪತಿಗಾಗಲಿ ಮಕ್ಕಳಿಗಾಗಲಿ ಇದರಲ್ಲಿ ಇಂದಿನ ಮಟ್ಟಿಗೆ ಯಾವ ಹಕ್ಕೂ ಇರುವುದಿಲ್ಲ. ತಾಯಿಯವರಿಗೂ ನಿಮಗೂ ಅದೇ ವಿಭಾಗದಲ್ಲಿ ಮಂಡಗದ್ದೆಯ ಅಡಿಕೆ ತೋಟ ಮತ್ತು ಹಳೆಯ ಮನೆ ಸೇರಿವೆ. ಆ ಸ್ವತ್ತುಗಳಿಗೂ ಈ ಪತ್ರಕ್ಕೂ ಯಾವುದೇ ಸಂಬಂಧವಿಲ್ಲ.

ನಾನು ವಿದೇಶದಲ್ಲಿದ್ದು, ಮಾರಾಟ ಮುಗಿಯುವವರೆಗೆ ಊರಿಗೆ ಬಂದು ನಿಲ್ಲಲು ರಜೆ ಸಿಗದಿರುವುದರಿಂದ, ಸದರಿ ಸ್ವತ್ತನ್ನು ನನ್ನ ಪರವಾಗಿ ಮಾರಾಟ ಮಾಡಲು ಒಡಹುಟ್ಟಿದ ತಮ್ಮನಾದ ನಿಮ್ಮನ್ನು ಈ ಮೂಲಕ ನನ್ನ ವಿಶೇಷ ಮುಖ್ತ್ಯಾರರನ್ನಾಗಿ ನೇಮಿಸಿರುತ್ತೇನೆ. ಈ ನೇಮಕಕ್ಕೆ ನಿಮ್ಮಿಂದ ನಾನು ಯಾವುದೇ ಪ್ರತಿಫಲ ಪಡೆದಿಲ್ಲ, ಸ್ವತ್ತಿನ ಸ್ವಾಧೀನವನ್ನು ನಿಮಗೆ ಸ್ವಂತಕ್ಕೆ ಬಿಟ್ಟುಕೊಟ್ಟೂ ಇಲ್ಲ. ಸಹೋದರನಿಗೆ ಪ್ರತಿಫಲವಿಲ್ಲದೆ ಕೊಟ್ಟ ಅಧಿಕಾರ ಪತ್ರಕ್ಕೂ ಹೊರಗಿನವರಿಗೆ ಕೊಟ್ಟದ್ದಕ್ಕೂ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ, 1957ರಲ್ಲಿ ಶುಲ್ಕ ಬೇರೆ ಬೇರೆಯಾಗಿರುವುದರಿಂದ ನಮ್ಮ ಸಂಬಂಧವನ್ನು ಇಲ್ಲಿ ಸ್ಪಷ್ಟವಾಗಿ ನಮೂದಿಸಿದ್ದೇನೆ. ಅದನ್ನು ರುಜುವಾತುಪಡಿಸಲು ವಂಶವೃಕ್ಷ ಪ್ರಮಾಣಪತ್ರವನ್ನು ಅನುಬಂಧವಾಗಿ ಲಗತ್ತಿಸಿದ್ದೇನೆ.

ನೀವು ಮಾಡಬಹುದಾದ ಕಾರ್ಯಗಳು ಈ ಕೆಳಕಂಡಂತಿವೆ. ಖರೀದಿದಾರರನ್ನು ಹುಡುಕಿ ಮಾತುಕತೆ ನಡೆಸುವುದು, ಕ್ರಯದ ಕರಾರು ಮತ್ತು ಶುದ್ಧ ಕ್ರಯಪತ್ರಕ್ಕೆ ನನ್ನ ಪರವಾಗಿ ಸಹಿ ಮಾಡುವುದು, ಕಾವೇರಿ 2.0 ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಿ, ದಿನ ಗೊತ್ತುಪಡಿಸಿಕೊಂಡು, ಶಿವಮೊಗ್ಗ ಉಪನೋಂದಣಾಧಿಕಾರಿಗಳ ಮುಂದೆ ಹಾಜರಾಗಿ, ಪತ್ರವನ್ನು ನೋಂದಣಿಗೆ ಹಾಜರುಪಡಿಸಿ, ಬರೆದುಕೊಟ್ಟಿದ್ದನ್ನು ಒಪ್ಪಿ, ಭಾವಚಿತ್ರ ಮತ್ತು ಬೆರಳಚ್ಚು ನೀಡುವುದು. ಮಹಾನಗರ ಪಾಲಿಕೆಯಲ್ಲಿ ಇ-ಖಾತಾ ಪಡೆಯುವುದು, ಬಾಕಿ ಕಂದಾಯ ಮತ್ತು ನೀರಿನ ಶುಲ್ಕ ಕಟ್ಟುವುದು. ಋಣಭಾರ ಪ್ರಮಾಣಪತ್ರ, ವಿಭಾಗ ಪತ್ರದ ದೃಢೀಕೃತ ನಕಲು ಮುಂತಾದವನ್ನು ತೆಗೆಸಿ ಖರೀದಿದಾರರಿಗೆ ತೋರಿಸುವುದು. ಕ್ರಯದ ಹಣ ಪೂರ್ತಿ ಸಂದಾಯವಾದ ಮೇಲೆ ಮೂಲ ದಾಖಲೆಗಳನ್ನೂ ಖಾಲಿ ಸ್ವಾಧೀನವನ್ನೂ ಬಿಟ್ಟುಕೊಡುವುದು.

ಮನೆಯಲ್ಲಿ ಈಗ ಬಾಡಿಗೆದಾರರಿದ್ದಾರೆ. ಅವರಿಗೆ ಕರಾರಿನಂತೆ ತಿಳುವಳಿಕೆ ಪತ್ರ ಕೊಟ್ಟು ಮನೆ ಖಾಲಿ ಮಾಡಿಸುವ ಅಧಿಕಾರವೂ, ಅವರ ಮುಂಗಡ ಠೇವಣಿ ರೂ. 1,50,000ವನ್ನು ನಾನು ಕಳುಹಿಸುವ ಹಣದಿಂದ ಹಿಂದಿರುಗಿಸುವ ಅಧಿಕಾರವೂ ನಿಮಗಿದೆ. ಅವರ ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಮೊದಲು ಖಾಲಿ ಮಾಡಲು ಒತ್ತಾಯಿಸಕೂಡದು. ಈ ಅವಧಿಯನ್ನು ಕ್ರಯದ ಕರಾರಿನಲ್ಲೇ ಬರೆಸಬೇಕು.

ಬೆಲೆಯ ವಿಷಯದಲ್ಲಿ, ರೂ. 1,10,00,000ಕ್ಕೆ (ಒಂದು ಕೋಟಿ ಹತ್ತು ಲಕ್ಷ ರೂಪಾಯಿ) ಕಡಿಮೆಯಾಗಿ ಅಥವಾ ನೋಂದಣಿ ದಿನದಂದು ಜಾರಿಯಲ್ಲಿರುವ ಸರ್ಕಾರಿ ಮಾರ್ಗಸೂಚಿ ಮೌಲ್ಯಕ್ಕೆ ಕಡಿಮೆಯಾಗಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಕೆಳಗೆ, ಮಾರಾಟ ಮಾಡುವ ಅಧಿಕಾರ ನಿಮಗಿಲ್ಲ. ಒಪ್ಪಿದ ಪೂರ್ತಿ ಬೆಲೆಯನ್ನೇ ಕ್ರಯಪತ್ರದಲ್ಲಿ ನಮೂದಿಸಬೇಕು. ಪತ್ರದಲ್ಲಿ ಒಂದು ಮೊತ್ತ, ಕೈಗೆ ಇನ್ನೊಂದು ಮೊತ್ತ ಎಂಬ ವ್ಯವಹಾರಕ್ಕೆ ನನ್ನ ಒಪ್ಪಿಗೆ ಇಲ್ಲ, ಖರೀದಿದಾರರು ಎಷ್ಟೇ ಪರಿಚಿತರಾದರೂ ಇಲ್ಲ. ಮುಂಗಡವೂ ಸೇರಿ ಕ್ರಯದ ಎಲ್ಲ ಹಣವೂ ಆರ್‌ಟಿಜಿಎಸ್ ಅಥವಾ ಬ್ಯಾಂಕ್ ಡ್ರಾಫ್ಟ್ ಮೂಲಕ, ಅನುಬಂಧದಲ್ಲಿ ಪಾಸ್‌ಪುಸ್ತಕದ ಪ್ರತಿ ಲಗತ್ತಿಸಿರುವ ನನ್ನ ಎನ್‌ಆರ್‌ಒ ಉಳಿತಾಯ ಖಾತೆಗೆ ನೇರವಾಗಿ ಜಮೆಯಾಗಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಯ ಕಲಂ 269ಎಸ್‌ಎಸ್‌ನ ಪ್ರಕಾರ ನಿಷಿದ್ಧ. ನನ್ನ ಮಟ್ಟಿಗೆ ಆ ಮಿತಿಯೂ ಬೇಡ, ಒಂದು ರೂಪಾಯಿಯನ್ನೂ ನಗದಾಗಿ ಪಡೆಯಕೂಡದು. ನಿಮ್ಮ ಖಾತೆಗಾಗಲಿ ತಾಯಿಯವರ ಖಾತೆಗಾಗಲಿ ಹಣ ಹಾಕಿಸಿಕೊಳ್ಳುವುದೂ ಬೇಡ. ನಿಮ್ಮ ಮೇಲೆ ಅಪನಂಬಿಕೆಯಿಂದ ಈ ಮಾತು ಬರೆದದ್ದಲ್ಲ, ಮುಂದೆ ತೆರಿಗೆ ಇಲಾಖೆಗೆ ನೀವು ಉತ್ತರ ಕೊಡಬೇಕಾದ ಪ್ರಸಂಗ ಬಾರದಿರಲಿ ಎಂದು ಬರೆದಿದ್ದೇನೆ.

ನಾನು ಅನಿವಾಸಿಯಾಗಿರುವುದರಿಂದ, ಖರೀದಿದಾರರು ಮೂಲದಲ್ಲಿ ಕಡಿತ ಮಾಡಬೇಕಾದ ತೆರಿಗೆಯು ಸ್ಥಳೀಯ ಮಾರಾಟಗಾರರಿಗೆ ಅನ್ವಯಿಸುವ ಶೇಕಡ 1 ಅಲ್ಲ. ಆದಾಯ ತೆರಿಗೆ ಕಾಯ್ದೆ, 1961ರ ಕಲಂ 195ರ ಪ್ರಕಾರದ್ದು, ಮತ್ತು 2026ರ ಏಪ್ರಿಲ್ 1ರ ನಂತರ ವ್ಯವಹಾರ ನಡೆದರೆ ಆದಾಯ ತೆರಿಗೆ ಕಾಯ್ದೆ, 2025ರ ತತ್ಸಮಾನ ಕಲಮಿನ ಪ್ರಕಾರದ್ದು. ಈ ಸಂಗತಿಯನ್ನು ಮುಂಗಡ ಪಡೆಯುವ ಮೊದಲೇ ಖರೀದಿದಾರರಿಗೆ ತಿಳಿಸಿ, ಅವರು ಟ್ಯಾನ್ ಸಂಖ್ಯೆ ಪಡೆಯಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸತಕ್ಕದ್ದು. ಕಡಿಮೆ ದರದ ಕಡಿತಕ್ಕೆ ಪ್ರಮಾಣಪತ್ರ ಪಡೆಯಲು ಚಾರ್ಟರ್ಡ್ ಅಕೌಂಟೆಂಟರನ್ನು ನೇಮಿಸಿ, ಬೇಕಾದ ದಾಖಲೆಗಳನ್ನು ಒದಗಿಸುವ ಅಧಿಕಾರ ನಿಮಗಿದೆ. ಆ ಪ್ರಮಾಣಪತ್ರ ಕೈಸೇರುವ ಮೊದಲು ಅಂತಿಮ ಕ್ರಯಪತ್ರ ನೋಂದಣಿ ಮಾಡಿಸಬೇಕಾಗಿ ಬಂದರೆ ನನ್ನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಎನ್‌ಆರ್‌ಒ ಖಾತೆಯಿಂದ ಹಣವನ್ನು ಹೊರದೇಶಕ್ಕೆ ತರಿಸಿಕೊಳ್ಳುವ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ.

ಸದರಿ ಸ್ವತ್ತನ್ನು ನೀವು, ನಿಮ್ಮ ಪತ್ನಿ ಅಥವಾ ನಿಮ್ಮ ಮಕ್ಕಳು ಖರೀದಿಸುವುದಾದರೆ ಈ ಪತ್ರದ ಅಧಿಕಾರ ಅದಕ್ಕೆ ಅನ್ವಯಿಸುವುದಿಲ್ಲ. ಸ್ವತ್ತನ್ನು ಅಡಮಾನ ಮಾಡಲು, ದಾನ ಕೊಡಲು, ಹೊಸದಾಗಿ ಬಾಡಿಗೆಗೆ ಕೊಡಲು, ಜಂಟಿ ಅಭಿವೃದ್ಧಿಗೆ ಒಪ್ಪಿಸಲು, ಇಲ್ಲವೇ ಈ ಅಧಿಕಾರವನ್ನು ಮತ್ತೊಬ್ಬರಿಗೆ ವಹಿಸಲು ನಿಮಗೆ ಅಧಿಕಾರವಿಲ್ಲ. ವಕೀಲರನ್ನೂ ಪತ್ರ ಬರಹಗಾರರನ್ನೂ ನೇಮಿಸಿಕೊಳ್ಳಲು ಈ ನಿರ್ಬಂಧ ಅಡ್ಡಿಯಾಗದು. ತಾಯಿಯವರಿಗೆ ಈ ಸ್ವತ್ತಿನಲ್ಲಿ ಹಕ್ಕಿಲ್ಲದಿದ್ದರೂ, ಖರೀದಿದಾರರು ಕೇಳಿದಲ್ಲಿ ಅವರು ಕ್ರಯಪತ್ರಕ್ಕೆ ಸಮ್ಮತಿ ಸಾಕ್ಷಿಯಾಗಿ ಸಹಿ ಹಾಕಲು ಒಪ್ಪಿದ್ದಾರೆ. ಮನೆಯ ಹಿತ್ತಲಿನ ತೆಂಗು ಮತ್ತು ಹಲಸಿನ ಮರಗಳು ಮಾರಾಟಕ್ಕೆ ಸೇರಿವೆ. ಒಳಕೋಣೆಯಲ್ಲಿರುವ ಬೀಟೆ ಮರದ ಮಂಚ ಮತ್ತು ದೇವರ ಪೆಟ್ಟಿಗೆ ಸೇರಿರುವುದಿಲ್ಲ. ಅವನ್ನು ಮುಂಚಿತವಾಗಿ ಮಂಡಗದ್ದೆಗೆ ಸಾಗಿಸತಕ್ಕದ್ದು.

ಈ ಪತ್ರವು ಭಾರತ ತಲುಪಿದ ದಿನದಿಂದ ಮೂರು ತಿಂಗಳೊಳಗೆ, ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ ಕಲಂ 18ರಂತೆ, ಶಿವಮೊಗ್ಗದ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಾಜರುಪಡಿಸಿ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ತಲುಪಿದ ದಿನಾಂಕಕ್ಕೆ ಪುರಾವೆಯಾಗಿ ಕೊರಿಯರ್ ಲಕೋಟೆಯನ್ನೂ ರಸೀದಿಯನ್ನೂ ಜೋಪಾನ ಮಾಡಬೇಕು. ನೋಂದಣಿ ಕಾಯ್ದೆ, 1908ರ ಕಲಂ 33ರ ಪ್ರಕಾರ, ಭಾರತದ ಹೊರಗೆ ವಾಸಿಸುವವರು ಬರೆದುಕೊಡುವ ಅಧಿಕಾರ ಪತ್ರಕ್ಕೆ ನೋಟರಿ, ನ್ಯಾಯಾಲಯ, ನ್ಯಾಯಾಧೀಶರು, ಮ್ಯಾಜಿಸ್ಟ್ರೇಟ್ ಅಥವಾ ಭಾರತೀಯ ಕಾನ್ಸುಲ್ ಇವರ ದೃಢೀಕರಣ ಸಾಕಾಗುತ್ತದೆಯಾದರೂ, ಖರೀದಿದಾರರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರಿಂದ ಆಕ್ಷೇಪ ಬಾರದಂತೆ ನಾನು ಕಾನ್ಸುಲೇಟ್ ಅಧಿಕಾರಿಗಳ ಮುಂದೆಯೇ ಖುದ್ದಾಗಿ ಸಹಿ ಮಾಡುತ್ತಿದ್ದೇನೆ. ಅವರ ಅನುಕೂಲಕ್ಕಾಗಿ ಇಂಗ್ಲಿಷ್ ಪ್ರತಿಯನ್ನು ಲಗತ್ತಿಸಿದ್ದು, ಎರಡರ ನಡುವೆ ಭಿನ್ನತೆ ಕಂಡಲ್ಲಿ ಈ ಕನ್ನಡ ಪ್ರತಿಯೇ ಊರ್ಜಿತ.

ಈ ಪತ್ರವು 2026ನೇ ಇಸವಿ ಅಕ್ಟೋಬರ್ 31ರವರೆಗೆ ಅಥವಾ ಕ್ರಯಪತ್ರ ನೋಂದಣಿಯಾಗಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜಾರಿಯಲ್ಲಿರುತ್ತದೆ. ಇದರಿಂದ ನಿಮಗೆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟದಿರುವುದರಿಂದ, ನಾನು ಯಾವಾಗ ಬೇಕಾದರೂ ಇದನ್ನು ರದ್ದುಪಡಿಸಬಹುದು. ರದ್ದತಿ ಪತ್ರದ ಪ್ರತಿಯನ್ನು ನಿಮಗೂ ಉಪನೋಂದಣಾಧಿಕಾರಿಗಳಿಗೂ ಕಳುಹಿಸುತ್ತೇನೆ. ಅಷ್ಟರೊಳಗೆ ಈ ಪತ್ರದ ಮಿತಿಯೊಳಗೆ ನೀವು ನಡೆಸಿದ ಕಾರ್ಯಗಳೆಲ್ಲವೂ ನಾನೇ ಖುದ್ದು ನಡೆಸಿದಂತೆ ನನ್ನನ್ನು ಬದ್ಧಗೊಳಿಸುತ್ತವೆ. ಖರ್ಚುವೆಚ್ಚದ ಲೆಕ್ಕವನ್ನು ರಸೀದಿಗಳ ಸಮೇತ ನೋಂದಣಿಯಾದ ಒಂದು ತಿಂಗಳೊಳಗೆ ಒಪ್ಪಿಸತಕ್ಕದ್ದು.

ಷೆಡ್ಯೂಲ್ ಸ್ವತ್ತಿನ ವಿವರ

ಶಿವಮೊಗ್ಗ ಮಹಾನಗರ ಪಾಲಿಕೆ ವ್ಯಾಪ್ತಿಯ ವಿನೋಬನಗರದಲ್ಲಿರುವ, ಪೂರ್ವ ಪಶ್ಚಿಮ 60 ಅಡಿ, ಉತ್ತರ ದಕ್ಷಿಣ 40 ಅಡಿ, ಒಟ್ಟು 2,400 ಚದರಡಿ ವಿಸ್ತೀರ್ಣದ 318ನೇ ನಂಬರಿನ ನಿವೇಶನ ಮತ್ತು ಅದರಲ್ಲಿ ಕಟ್ಟಿರುವ 1,250 ಚದರಡಿಯ ಆರ್‌ಸಿಸಿ ಮನೆ, ಬಾವಿ, ಕಾಂಪೌಂಡು, ನೀರು ಮತ್ತು ವಿದ್ಯುತ್ ಸಂಪರ್ಕ ಸಹಿತ. ಚಕ್ಕುಬಂದಿ: ಪೂರ್ವಕ್ಕೆ 30 ಅಡಿ ರಸ್ತೆ, ಪಶ್ಚಿಮಕ್ಕೆ 331ನೇ ನಂಬರಿನ ನಿವೇಶನ, ಉತ್ತರಕ್ಕೆ 317ನೇ ನಂಬರಿನ ನಿವೇಶನ, ದಕ್ಷಿಣಕ್ಕೆ 319ನೇ ನಂಬರಿನ ನಿವೇಶನ. ಈ ಸ್ವತ್ತಿನ ಮೇಲೆ ಸಾಲ, ಜಪ್ತಿ, ದಾವೆ ಯಾವುದೂ ಇರುವುದಿಲ್ಲ.

ಮೇಲ್ಕಂಡದ್ದನ್ನು ಓದಿ ತಿಳಿದುಕೊಂಡು, ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಪ್ರತಿ ಪುಟಕ್ಕೂ ಸಹಿ ಮಾಡಿರುತ್ತೇನೆ.

ಬರೆದುಕೊಟ್ಟವರು: ಸಹಿ/- ಎಂ. ಟಿ. ವಿನುತಾ

ಸಾಕ್ಷಿಗಳು:
ಸಹಿ/- ಕೆ. ಆರ್. ಶ್ರೀಧರ, ಮ್ಯೂನಿಕ್
ಸಹಿ/- ಎಸ್. ಜಿ. ಲತಾ, ಮ್ಯೂನಿಕ್

ಕಾನ್ಸುಲೇಟ್ ದೃಢೀಕರಣ

ಶ್ರೀಮತಿ ಎಂ. ಟಿ. ವಿನುತಾ ಅವರು ಈ ದಿನ ನನ್ನ ಮುಂದೆ ಖುದ್ದಾಗಿ ಹಾಜರಾಗಿ, ಮೂಲ ಪಾಸ್‌ಪೋರ್ಟ್ ತೋರಿಸಿ ತಮ್ಮ ಗುರುತನ್ನು ರುಜುವಾತುಪಡಿಸಿ, ಭಾವಚಿತ್ರ ಅಂಟಿಸಿರುವ ಈ ಪತ್ರಕ್ಕೆ ನನ್ನ ಸಮಕ್ಷಮ ಸಹಿ ಮಾಡಿ, ಬೆರಳಚ್ಚು ನೀಡಿದ್ದಾರೆ. ಈ ದೃಢೀಕರಣವು ಸಹಿ ಮತ್ತು ಗುರುತಿಗೆ ಮಾತ್ರ ಸಂಬಂಧಿಸಿದ್ದು, ಪತ್ರದ ಒಳವಿಷಯಕ್ಕೆ ಕಾನ್ಸುಲೇಟ್ ಹೊಣೆಯಲ್ಲ.

ಮ್ಯೂನಿಕ್, 14-11-2025
ಸಹಿ/- ಕಾನ್ಸುಲರ್ ಅಧಿಕಾರಿ, ಭಾರತದ ಕಾನ್ಸುಲೇಟ್ ಜನರಲ್ (ಕಚೇರಿ ಮೊಹರು)

ಮುಖ್ತ್ಯಾರರ ಒಪ್ಪಿಗೆ

ಮೇಲಿನ ಪತ್ರವನ್ನೂ ಅದರ ನಿರ್ಬಂಧಗಳನ್ನೂ ಓದಿಕೊಂಡು, ಪ್ರತಿಫಲವಿಲ್ಲದೆ ಈ ಹೊಣೆಯನ್ನು ಒಪ್ಪಿಕೊಂಡಿರುತ್ತೇನೆ. ಮೂಲ ಪತ್ರವು 2025ನೇ ಇಸವಿ ನವೆಂಬರ್ 24ರಂದು ಕೊರಿಯರ್ ಮೂಲಕ ಮಂಡಗದ್ದೆಯಲ್ಲಿ ನನ್ನ ಕೈಸೇರಿದೆ.

ಶಿವಮೊಗ್ಗ, 26-11-2025
ಸಹಿ/- ಎಂ. ಟಿ. ಪ್ರಶಾಂತ