ಅಡ್ವಾನ್ಸ್ ವಾಪಸ್ ಕೇಳುವ ಪತ್ರ: ತಿದ್ದಿದ ಪ್ರತಿ

ರವಿ,

ನೀನು ಕಳಿಸಿದ ಪತ್ರ ಓದಿದೆ. ನಿನಗೆ ಎಷ್ಟು ಬೇಜಾರಾಗಿದೆ ಅನ್ನೋದು ಪ್ರತಿ ಸಾಲಲ್ಲೂ ಗೊತ್ತಾಗುತ್ತದೆ. ಎಷ್ಟು ದುಡ್ಡು ಬರಬೇಕು ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ಮೊದಲ ಪ್ಯಾರಾದಲ್ಲಿ "ಸುಮಾರು ತೊಂಬತ್ತು ಸಾವಿರ" ಅಂತ ಇದೆ. ಕೊನೆಯಲ್ಲಿ "ನನ್ನ 1,50,000 ಪೂರ್ತಿ ಕೊಡಿ" ಅಂತ ಇದೆ. ಮಧ್ಯದಲ್ಲಿ 60,000 ಬಂದಿದೆ ಅಂತ ನೀನೇ ಬರೆದಿದ್ದೀಯ. ಓನರ್ ಇದನ್ನು ಓದಿದರೆ ಮೊದಲು ಹೇಳುವ ಮಾತು, "ನಿಮ್ಮ ಲೆಕ್ಕವೇ ಸರಿಯಿಲ್ಲವಲ್ಲ" ಅಂತ. ಆಮೇಲೆ ಇನ್ನೊಂದು ತಿಂಗಳು ಅದರಲ್ಲೇ ಹೋಗುತ್ತದೆ.

ಈ ಪತ್ರ ಓನರಿಗೆ ಹೋಗುತ್ತದೆ, ನಿಜ. ಆದರೆ ನಾಳೆ ಇದನ್ನು ವಕೀಲರು ಓದಬಹುದು, ನ್ಯಾಯಾಧೀಶರೂ ಓದಬಹುದು. ಅವರಿಗೆ ನೀನೂ ಗೊತ್ತಿಲ್ಲ, ಓನರೂ ಗೊತ್ತಿಲ್ಲ. ಕಥೆ ಕೇಳದೆ, ಬರೀ ಈ ಹಾಳೆ ಮತ್ತು ಜೊತೆಗಿರುವ ದಾಖಲೆ ನೋಡಿ, "ಇಂಥ ದಿನದೊಳಗೆ ಇಷ್ಟು ಹಣ ಬರಬೇಕಿತ್ತು, ಬಂದಿಲ್ಲ" ಅಂತ ಅವರಿಗೆ ಅನ್ನಿಸಬೇಕು. ನಾನು ತಿದ್ದಿದ್ದೆಲ್ಲ ಅದಕ್ಕೋಸ್ಕರ.

ಮೊದಲು ತಾರೀಖು. "ಜೂನ್ ಒಂದಕ್ಕೆ ಒಂದೂವರೆ ಲಕ್ಷ ಕೊಟ್ಟೆ" ಅಂತ ಬರೆದಿದ್ದೀಯ. ನೀನೇ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎರಡು ಕಂತು ಇದೆ: 28 ಮೇ 2023ಕ್ಕೆ 50,000, 1 ಜೂನ್‌ಗೆ ಚೆಕ್ಕಿನಲ್ಲಿ 1,00,000. ಹಾಗೇ ಬರೆದೆ. ಮನೆ ಖಾಲಿ ಮಾಡಿದ್ದನ್ನು ಒಂದು ಕಡೆ ಮೇ 31 ಅಂದಿದ್ದೀಯ, ಇನ್ನೊಂದು ಕಡೆ ಜೂನ್ 1. ಒಂದೇ ದಿನದ ವ್ಯತ್ಯಾಸ ಅಂತ ಅನ್ನಿಸಬಹುದು. ಆದರೆ ಜೂನ್ 1 ಅಂದರೆ ಇನ್ನೊಂದು ತಿಂಗಳ ಬಾಡಿಗೆ ಕೇಳೋಕೆ ದಾರಿ ಆಗುತ್ತದೆ. ಕೀ ಕೊಟ್ಟ ದಿನ ಸಂಜೆ "ಕೀ ಸಿಕ್ಕಿತು" ಅಂತ ಅವರೇ ಮೆಸೇಜ್ ಹಾಕಿದ್ದಾರಲ್ಲ, ಅದು ಮೇ 31. ಅದನ್ನೇ ಹಿಡಿದೆ.

ಎರಡನೆಯದು, ನೀನು ಒಪ್ಪಿಕೊಳ್ಳಬೇಕಾದ ಖರ್ಚು. ಕೊನೆ ತಿಂಗಳ ಕರೆಂಟ್ ಬಿಲ್ 1,340 ಬಾಕಿ ಇತ್ತು. ಸ್ನಾನದ ಮನೆಯ ಕನ್ನಡಿ ನಿಮ್ಮಿಂದಲೇ ಒಡೆದದ್ದು, ಹೊಸದಕ್ಕೆ 1,600 ಅಂತ ಬಿಲ್ ಕಳಿಸಿದ್ದಾರೆ. ಎರಡನ್ನೂ ನೀನು ಪತ್ರದಲ್ಲಿ ಬಿಟ್ಟಿದ್ದೆ. ನಾನು ಸೇರಿಸಿ, ಕಳೆದೆ. ನಿನಗೆ ಇಷ್ಟ ಆಗಲ್ಲ ಅಂತ ಗೊತ್ತು. ಆದರೆ 2,940 ರೂಪಾಯಿಯನ್ನು ನೀನಾಗಿಯೇ ಒಪ್ಪಿಕೊಂಡರೆ, ಉಳಿದ 87,060 ಕೇಳುವಾಗ ನಿನ್ನ ಮಾತಿಗೆ ತೂಕ ಬರುತ್ತದೆ.

ಪೇಂಟಿಂಗ್ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ, ಜಗಳ ಇರೋದೇ ಅಲ್ಲಿ. ನೀನು "ಗೋಡೆ ಮೊದಲೇ ಹಾಳಾಗಿತ್ತು, ನಾನು ಒಂದು ಮೊಳೆಯನ್ನೂ ಹೊಡೆದಿಲ್ಲ" ಅಂತ ಬರೆದಿದ್ದೀಯ. ಫೋಟೋದಲ್ಲಿ ಹಾಲಿನ ಗೋಡೆಯಲ್ಲಿ ಎರಡು ಮೊಳೆ ಕಾಣಿಸುತ್ತವೆ ಕಣೋ. ಆ ಸಾಲು ತೆಗೆದೆ. ಅದು ಬೇಕಾಗಿಯೂ ಇಲ್ಲ. ಕರಾರಿನ 9ನೇ ಷರತ್ತು ನೋಡು: ಸಹಜ ಸವಕಳಿ ಬಿಟ್ಟು ಉಳಿದಂತೆ ಮನೆಯನ್ನು ಒಳ್ಳೆಯ ಸ್ಥಿತಿಯಲ್ಲಿ ಒಪ್ಪಿಸಬೇಕು ಅಂತ ಇದೆ. ಎರಡು ವರ್ಷ ಜನ ವಾಸ ಮಾಡಿದ ಮನೆಯ ಬಣ್ಣ ಮಾಸುವುದು, ಮೊಳೆ ಗುರುತು ಇರುವುದು ಸವಕಳಿ. ಗೋಡೆ ಒಡೆದರೆ, ಮಕ್ಕಳು ಕ್ರೇಯಾನಿನಲ್ಲಿ ಇಡೀ ಗೋಡೆ ಗೀಚಿದರೆ ಅದು ಹಾನಿ. ಕೆಲವು ಕರಾರಿನಲ್ಲಿ ಪೇಂಟಿಂಗಿಗೆ ಅಂತಲೇ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಷರತ್ತು ಇರುತ್ತದೆ. ಹಾಗೆ ಇದ್ದಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ. ನಿನ್ನದರಲ್ಲಿ ಇಲ್ಲ.

ಇನ್ನೊಂದು ವಿಷಯ ನೀನು ಗಮನಿಸಿಲ್ಲ. ಪೇಂಟಿಂಗಿಗೆ, ರಿಪೇರಿಗೆ ಅಂತ ಅವರು ಹಿಡಿದುಕೊಳ್ಳುತ್ತೇನೆ ಅನ್ನುವ 37,000ವನ್ನು ಪೂರ್ತಿ ಒಪ್ಪಿಕೊಂಡರೂ ನಿನಗೆ 50,060 ಬರಬೇಕು. ಆ ಹಣದ ಬಗ್ಗೆ ಅವರಿಗೂ ತಕರಾರಿಲ್ಲ! ಸುಮ್ನೆ "ಹೊಸ ಬಾಡಿಗೆದಾರರು ಬಂದ ಮೇಲೆ" ಅಂತ ತಡೆಹಿಡಿದಿದ್ದಾರೆ. ಇದನ್ನು ಪತ್ರದಲ್ಲಿ ಬೇರೆಯಾಗಿಯೇ ಹೇಳಿದ್ದೇನೆ.

"ಆದಷ್ಟು ಬೇಗ", "15 ದಿನದೊಳಗೆ" ಎರಡನ್ನೂ ತೆಗೆದೆ. ಹದಿನೈದು ದಿನ ಯಾವಾಗಿನಿಂದ? ಪತ್ರ ಬರೆದ ದಿನದಿಂದಲೋ, ತಲುಪಿದ ದಿನದಿಂದಲೋ? 4 ಆಗಸ್ಟ್ 2025, ಸೋಮವಾರ, ಸಂಜೆ 5 ಗಂಟೆ ಅಂತ ಬರೆದೆ. ಭಾನುವಾರಕ್ಕೆ ಬರದ ಹಾಗೆ ನೋಡಿಕೊಂಡೆ.

"ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ಬೀದಿಯವರಿಗೆಲ್ಲ ಹೇಳ್ತೀನಿ" ಅನ್ನೋದನ್ನು ಪೂರ್ತಿ ಹೊಡೆದುಹಾಕಿದೆ. ಅವು ನಿನಗೇ ತಿರುಗಿ ಬೀಳುವ ಮಾತು. ಮಾಡುವ ಕೆಲಸವನ್ನಷ್ಟೇ ಹೇಳಬೇಕು. ಶೇಕಡಾ 24 ಬಡ್ಡಿಯೂ ಹೋಯಿತು, ಕರಾರಿನಲ್ಲಿ ಆ ದರ ಎಲ್ಲೂ ಇಲ್ಲ. ಬಡ್ಡಿ ಕೇಳುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪತ್ರ ಈಗ ಹೀಗಿದೆ:

---

ದಿನಾಂಕ: 21 ಜುಲೈ 2025

ಗೆ,
ಮಾಲೀಕರು,
ಮನೆ ಸಂಖ್ಯೆ 14

ವಿಷಯ: ಮನೆ ಸಂಖ್ಯೆ 14, ಮೊದಲ ಮಹಡಿಯ ಮುಂಗಡ ಹಣದಲ್ಲಿ ಬಾಕಿ ಇರುವ 87,060 ರೂಪಾಯಿಯನ್ನು 4 ಆಗಸ್ಟ್ 2025ರೊಳಗೆ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

1 ಜೂನ್ 2023ರ ಬಾಡಿಗೆ ಕರಾರಿನಂತೆ ನಾನು ಮೇಲಿನ ಮನೆಯಲ್ಲಿ ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ ವಾಸವಾಗಿದ್ದೆ. ಕರಾರಿನ ಅವಧಿ 31 ಮೇ 2025ಕ್ಕೆ ಮುಗಿಯಿತು. ಮುಂದುವರಿಸುವುದಿಲ್ಲ ಎಂದು 30 ಏಪ್ರಿಲ್ 2025ರಂದು ನಿಮಗೆ ಬರಹದಲ್ಲಿ ತಿಳಿಸಿದ್ದೆ. 31 ಮೇ 2025ರಂದು ಮನೆ ಖಾಲಿ ಮಾಡಿ ಕೀ ಒಪ್ಪಿಸಿದೆ. ಕೀ ತಲುಪಿದೆ ಎಂದು ನೀವು ಅದೇ ದಿನ ಮೆಸೇಜ್ ಮೂಲಕ ಖಚಿತಪಡಿಸಿದ್ದೀರಿ. ಮೇ ತಿಂಗಳವರೆಗಿನ ಬಾಡಿಗೆ ಪೂರ್ತಿ ಪಾವತಿಯಾಗಿದೆ.

ಕರಾರಿನ 7ನೇ ಷರತ್ತಿನ ಪ್ರಕಾರ, ಮನೆ ಖಾಲಿಯಾದ 30 ದಿನಗಳೊಳಗೆ ಬಾಕಿಗಳನ್ನು ಕಳೆದು ಮುಂಗಡ ಹಣವನ್ನು ಹಿಂದಿರುಗಿಸಬೇಕು. ಆ ಗಡುವು 30 ಜೂನ್ 2025ಕ್ಕೆ ಮುಗಿದಿದೆ.

ಲೆಕ್ಕ ಹೀಗಿದೆ:

28 ಮೇ 2023, ಬ್ಯಾಂಕ್ ವರ್ಗಾವಣೆ ಮೂಲಕ ಕೊಟ್ಟದ್ದು: ರೂ. 50,000
1 ಜೂನ್ 2023, ಚೆಕ್ ಮೂಲಕ ಕೊಟ್ಟದ್ದು: ರೂ. 1,00,000
ಒಟ್ಟು ಮುಂಗಡ: ರೂ. 1,50,000

4 ಜುಲೈ 2025ರಂದು ನೀವು ಹಿಂದಿರುಗಿಸಿದ್ದು: ರೂ. 60,000
ಮೇ ತಿಂಗಳ ವಿದ್ಯುತ್ ಬಿಲ್, ನಾನು ಒಪ್ಪಿರುವುದು: ರೂ. 1,340
ಸ್ನಾನದ ಮನೆಯ ಕನ್ನಡಿ, ನಾನು ಒಪ್ಪಿರುವುದು: ರೂ. 1,600
ಕಳೆಯಬೇಕಾದ ಒಟ್ಟು ಮೊತ್ತ: ರೂ. 62,940

ನನಗೆ ಬರಬೇಕಾದ ಬಾಕಿ: ರೂ. 87,060 (ಎಂಬತ್ತೇಳು ಸಾವಿರದ ಅರವತ್ತು ರೂಪಾಯಿ ಮಾತ್ರ)

10 ಜುಲೈ 2025ರ ಮೆಸೇಜಿನಲ್ಲಿ ನೀವು ಪೇಂಟಿಂಗಿಗೆ 22,000 ಮತ್ತು ಇತರೆ ರಿಪೇರಿಗೆ 15,000, ಒಟ್ಟು 37,000 ರೂಪಾಯಿ ಹಿಡಿದುಕೊಳ್ಳುವುದಾಗಿ ತಿಳಿಸಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕರಾರಿನ 9ನೇ ಷರತ್ತು ಸಹಜ ಸವಕಳಿಯನ್ನು ಹೊರತುಪಡಿಸಿದೆ. ಪೇಂಟಿಂಗ್ ವೆಚ್ಚವನ್ನು ಬಾಡಿಗೆದಾರ ಕೊಡಬೇಕು ಎಂಬ ಷರತ್ತು ಕರಾರಿನಲ್ಲಿ ಇಲ್ಲ. ಇತರೆ ರಿಪೇರಿ ಯಾವುದು ಎಂದು ನೀವು ತಿಳಿಸಿಲ್ಲ, ಬಿಲ್ಲನ್ನೂ ಕೊಟ್ಟಿಲ್ಲ. ಮನೆ ಒಪ್ಪಿಸಿದ ದಿನ ತೆಗೆದ ಎಲ್ಲ ಕೋಣೆಗಳ ಫೋಟೋಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ನನ್ನಿಂದ ಬೇರೆ ಯಾವುದಾದರೂ ಹಾನಿಯಾಗಿದ್ದರೆ, ಅದರ ವಿವರ, ಫೋಟೋ ಮತ್ತು ಬಿಲ್ಲನ್ನು 28 ಜುಲೈ 2025ರೊಳಗೆ ಕಳಿಸಿ. ನ್ಯಾಯವಾದ ಖರ್ಚನ್ನು ಪರಿಶೀಲಿಸಿ ಉತ್ತರಿಸುತ್ತೇನೆ.

ನೀವು ಹೇಳುವ 37,000 ರೂಪಾಯಿಯನ್ನು ಕಳೆದರೂ ಇನ್ನೂ 50,060 ರೂಪಾಯಿ ಉಳಿಯುತ್ತದೆ. ಈ ಮೊತ್ತದ ಬಗ್ಗೆ ನಮ್ಮಿಬ್ಬರ ನಡುವೆ ವಿವಾದವೇ ಇಲ್ಲ. ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುವುದಾಗಿ ನೀವು ಹೇಳಿದ್ದೀರಿ. ಕರಾರಿನಲ್ಲಿ ಅಂಥ ಷರತ್ತು ಇಲ್ಲ. ನೀವು ಈ ಭಾಗವನ್ನು ಮೊದಲು ಪಾವತಿಸಿದರೆ, ಉಳಿದ ಮೊತ್ತದ ಮೇಲಿನ ನನ್ನ ಹಕ್ಕನ್ನು ಬಿಟ್ಟುಕೊಡದೆ ಅದನ್ನು ಸ್ವೀಕರಿಸುತ್ತೇನೆ.

ಆದ್ದರಿಂದ ಬಾಕಿ 87,060 ರೂಪಾಯಿಯನ್ನು 4 ಆಗಸ್ಟ್ 2025, ಸೋಮವಾರ, ಸಂಜೆ 5 ಗಂಟೆಯೊಳಗೆ, ಜುಲೈ 4ರಂದು ನೀವು ಹಣ ಹಾಕಿದ ನನ್ನ ಅದೇ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಆ ಸಮಯದೊಳಗೆ ಹಣ ಬರದಿದ್ದರೆ, ಇನ್ನೊಂದು ನೆನಪೋಲೆ ಕಳಿಸದೆ ವಕೀಲರ ಮೂಲಕ ನೋಟಿಸ್ ನೀಡಿ, ಕಾನೂನಿನಂತೆ ವಸೂಲಿಗೆ ಮುಂದಾಗುತ್ತೇನೆ. ಬಡ್ಡಿ ಮತ್ತು ವೆಚ್ಚವನ್ನು ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಎರಡು ವರ್ಷ ನಮ್ಮ ನಡುವೆ ಬಾಡಿಗೆಯ ವಿಷಯದಲ್ಲಿ ಯಾವ ತಕರಾರೂ ಇರಲಿಲ್ಲ. ಇದನ್ನೂ ಹಾಗೆಯೇ ಮುಗಿಸಬೇಕು ಎಂಬುದು ನನ್ನ ಇಚ್ಛೆ.

ಇಂತಿ ತಮ್ಮ ವಿಶ್ವಾಸಿ,
ರವಿ
ಮನೆ ಸಂಖ್ಯೆ 14, ಮೊದಲ ಮಹಡಿಯ ಹಿಂದಿನ ಬಾಡಿಗೆದಾರ

ಲಗತ್ತು: ಬಾಡಿಗೆ ಕರಾರಿನ ಪ್ರತಿ, ಮುಂಗಡ ಪಾವತಿಯ ಮತ್ತು 4 ಜುಲೈ 2025ರ ಜಮೆಯ ಬ್ಯಾಂಕ್ ಸ್ಟೇಟ್‌ಮೆಂಟ್, 30 ಏಪ್ರಿಲ್ 2025ರ ಪತ್ರ, 31 ಮೇ ಮತ್ತು 10 ಜುಲೈ 2025ರ ಮೆಸೇಜುಗಳ ಪ್ರಿಂಟ್, ಮನೆಯ ಫೋಟೋಗಳು, ವಿದ್ಯುತ್ ಮತ್ತು ಕನ್ನಡಿ ಬಿಲ್

---

ಕೊನೆಯ ಪ್ಯಾರಾ ನಿನ್ನದೇ. ನಿನ್ನ ಪತ್ರದ ಮಧ್ಯದಲ್ಲಿ ಎಲ್ಲೋ ಹುದುಗಿಹೋಗಿತ್ತು. ಒಳ್ಳೆಯ ಮಾತು, ಅದಕ್ಕೇ ಕೊನೆಗೆ ತಂದೆ.

ಸಹಿ ಹಾಕುವ ಮುಂಚೆ ಅಂಕಿಗಳನ್ನು ನೀನೂ ಒಮ್ಮೆ ಕೂಡಿ, ಕಳೆದು ನೋಡು. 7 ಮತ್ತು 9ನೇ ಷರತ್ತಿನ ಸಂಖ್ಯೆಯನ್ನು ನಿನ್ನ ಹತ್ತಿರ ಇರುವ ಮೂಲ ಕರಾರಿನ ಜೊತೆ ಹೋಲಿಸು. ನನಗೆ ಬಂದದ್ದು ಫೋಟೋ ಪ್ರತಿ. ಅಸಲಿ ಕಾಗದ ಯಾವುದನ್ನೂ ಕಳಿಸಬೇಡ, ಜೆರಾಕ್ಸ್ ಸಾಕು. ಅವರಿಗೆ ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಕಳಿಸು, ರಸೀದಿ ಇಟ್ಟುಕೋ. ಅದೇ ದಿನ ಪತ್ರದ ಪ್ರತಿಯನ್ನು ಅವರ ಇಮೇಲಿಗೂ ಹಾಕು.

ನಡುವೆ ಅವರು ಫೋನ್ ಮಾಡಿ "ಬಂದು ಮಾತಾಡೋಣ" ಅಂದರೆ ಹೋಗು, ಬೇಡ ಅನ್ನಬೇಡ. ಆದರೆ ಅಲ್ಲಿ ಏನು ಮಾತಾಯಿತೋ ಅದನ್ನು ಮನೆಗೆ ಬಂದ ಮೇಲೆ ಮೆಸೇಜಿನಲ್ಲಿ ಬರೆದು ಕಳಿಸು: "ಇವತ್ತು ನೀವು ಇಂಥ ದಿನಕ್ಕೆ ಇಷ್ಟು ಕೊಡುವುದಾಗಿ ಹೇಳಿದ್ದೀರಿ" ಅಂತ. ಪೂರ್ತಿ ಲೆಕ್ಕ ಚುಕ್ತಾ ಆಯಿತು ಅನ್ನುವ ಕಾಗದಕ್ಕೆ, ಪೂರ್ತಿ ಹಣ ಖಾತೆಗೆ ಬರುವವರೆಗೂ ಸಹಿ ಹಾಕಬೇಡ.

ಆಗಸ್ಟ್ 4ರ ಸಂಜೆ ಖಾತೆ ನೋಡಿ ನನಗೆ ಫೋನ್ ಮಾಡು. ಹಣ ಬಂದಿಲ್ಲ ಅಂದರೆ 5ಕ್ಕೆ ವಕೀಲರ ಹತ್ತಿರ ಈ ಪತ್ರ, ರಸೀದಿ, ಲಗತ್ತು ಮೂರನ್ನೂ ತಗೊಂಡು ಹೋಗೋಣ, ನಾನೂ ಬರುತ್ತೇನೆ.

ಲತಕ್ಕ