ನಿಮ್ಮ ಸ್ಟೇಷನರಿ ಅಂಗಡಿಗೆ ತಿಂಗಳ ಪೋಸ್ಟಿಂಗ್ ಮತ್ತು ವರದಿ: ಪ್ರಸ್ತಾವನೆ

ನಮಸ್ಕಾರ ಮೇಡಂ,

ಅಂಗಡಿಗೆ ಹೊಸ ಮಾಲು ಬಂದರೂ ನಿಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳಲ್ಲಿ ಅದು ಕಾಣಿಸುತ್ತಿಲ್ಲ. ವ್ಯಾಪಾರದ ಮಧ್ಯೆ ಪೋಸ್ಟ್ ಹಾಕಲು ಪುರುಸೊತ್ತು ಎಲ್ಲಿ, ಅಲ್ವಾ?

ನೀವು ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಫೋಟೊ, ಬೆಲೆ ಕಳಿಸಿದರೆ ಸಾಕು. ಬರಹ, ಚಿತ್ರ ನಾನು ಸಿದ್ಧಮಾಡುತ್ತೇನೆ. ತಿಂಗಳಿಗೆ 12 ಪೋಸ್ಟ್. ನೀವು ನೋಡಿ ಒಪ್ಪಿದ ಮೇಲೆ ಫೇಸ್‌ಬುಕ್ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್ ಎಂಬ ಸಾಧನದಲ್ಲಿ ದಿನ, ಸಮಯ ಹೊಂದಿಸುತ್ತೇನೆ. ಅವು ತಾವಾಗಿಯೇ ಪ್ರಕಟವಾಗುತ್ತವೆ. ಆ ಸಾಧನ ಉಚಿತ. ನೀವು ಕೊಡುವುದು ನನ್ನ ಕೆಲಸಕ್ಕೆ ಮಾತ್ರ. ಪಾಸ್‌ವರ್ಡ್ ಬೇಡ, ಪುಟಕ್ಕೆ ಪ್ರವೇಶ ಕೊಟ್ಟರೆ ಸಾಕು. ಬೇಡವೆನಿಸಿದಾಗ ತೆಗೆದುಬಿಡಬಹುದು.

ತಿಂಗಳ ಮೊದಲ ವಾರ ಒಂದು ಪುಟದ ವರದಿ ಬರುತ್ತದೆ. ಎಷ್ಟು ಜನ ನೋಡಿದರು, ಎಷ್ಟು ಜನ ಮೆಸೇಜ್ ಮಾಡಿದರು, ಯಾವ ಪೋಸ್ಟ್ ಸೋತಿತು ಎಲ್ಲವೂ ಇರುತ್ತದೆ. ಸುಮ್ನೆ ಲೈಕ್ ಜಾಸ್ತಿ ಆಯಿತು ಎಂದು ನಾನು ಹೇಳುವುದಿಲ್ಲ. ವಿಚಾರಿಸಲು ಬಂದವರೇ ಮುಖ್ಯ. ಅದಕ್ಕೆ ಬಿಲ್ ಮಾಡುವಾಗ "ಎಲ್ಲಿ ನೋಡಿದಿರಿ" ಎಂದು ಕೇಳಿ ಗುರುತು ಹಾಕಿಕೊಳ್ಳಿ. ಆ ಲೆಕ್ಕವೂ ವರದಿಗೆ ಸೇರುತ್ತದೆ.

ಹಣ ಕೊಟ್ಟು ಹಾಕುವ ಜಾಹೀರಾತು, ಗ್ರಾಹಕರ ಮೆಸೇಜ್‌ಗೆ ಉತ್ತರ ಇದರಲ್ಲಿ ಸೇರಿಲ್ಲ. ಮಾರಾಟ ಇಷ್ಟೇ ಏರುತ್ತದೆ ಎಂಬ ಭರವಸೆಯನ್ನೂ ಕೊಡಲಾರೆ. ಮೂರು ತಿಂಗಳು ನೋಡೋಣ. ಶುಲ್ಕವನ್ನು ಪ್ರತಿ ತಿಂಗಳ ವರದಿ ನೋಡಿದ ಮೇಲೆ ಕೊಡಿ.

ಒಪ್ಪಿಗೆಯಾದರೆ ಬುಧವಾರ ಬೆಳಿಗ್ಗೆ ಬಂದು ಮೊದಲ ನಾಲ್ಕು ಪೋಸ್ಟ್‌ಗಳ ಮಾದರಿ ತೋರಿಸುತ್ತೇನೆ.