ಜನರೇಟರ್ ನಿರ್ವಹಣಾ ಒಪ್ಪಂದವನ್ನು ಪರಿಷ್ಕೃತ ಷರತ್ತುಗಳೊಂದಿಗೆ ನವೀಕರಿಸಲು ಕೋರಿಕೆ

ದಿನಾಂಕ: 4-8-2025

ಇವರಿಂದ:
ಕಾರ್ಯದರ್ಶಿ,
ಬೆಳೆಗಾರರ ಅಡಿಕೆ ಸುಲಿತ ಘಟಕ,
ಆಗುಂಬೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು,
ಶಿವಮೊಗ್ಗ ಜಿಲ್ಲೆ

ಇವರಿಗೆ:
ಮಾಲೀಕರು,
ಜನರೇಟರ್ ದುರಸ್ತಿ ಮತ್ತು ನಿರ್ವಹಣಾ ಸಂಸ್ಥೆ,
ಶಿವಮೊಗ್ಗ

ವಿಷಯ: ನಮ್ಮ ಘಟಕದ 40 ಕೆವಿಎ ಡೀಸೆಲ್ ಜನರೇಟರಿನ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ಮೂರು ವರ್ಷಗಳಿಗೆ ನವೀಕರಿಸುವ ಬಗ್ಗೆ.

ಉಲ್ಲೇಖ: ನಮ್ಮ ನಡುವೆ 1-10-2023ರಂದು ಆದ ಎರಡು ವರ್ಷಗಳ ಒಪ್ಪಂದ.

ಮಾನ್ಯ ಗಣಪತಿಯವರೇ,

ಮೇಲೆ ಉಲ್ಲೇಖಿಸಿದ ಒಪ್ಪಂದದ ಅವಧಿ ಬರುವ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. 2014ರಲ್ಲಿ ಜನರೇಟರನ್ನು ಕೂರಿಸಿದ ದಿನದಿಂದ ಈವರೆಗೆ ಅದರ ಆರೈಕೆ ನಿಮ್ಮ ಸಂಸ್ಥೆಯದೇ ಆಗಿದೆ. ಮುಂದಿನ ಮೂರು ವರ್ಷಗಳಿಗೂ, ಅಂದರೆ 1-10-2025ರಿಂದ 30-9-2028ರವರೆಗೆ, ಅದು ನಿಮ್ಮಲ್ಲಿಯೇ ಇರಬೇಕೆಂಬುದು ನಮ್ಮ ಇಪ್ಪತ್ಮೂರು ಪಾಲುದಾರರ ಒಮ್ಮತದ ಅಭಿಪ್ರಾಯ. ಬೇರೆ ಯಾರಿಂದಲೂ ನಾವು ದರಪಟ್ಟಿ ತರಿಸಿಲ್ಲ, ತರಿಸುವ ಯೋಚನೆಯೂ ಇಲ್ಲ. ಆದರೆ ಈ ಸಲ ಹಳೆಯ ಕರಾರಿಗೆ ಹೊಸ ದಿನಾಂಕ ಹಾಕಿ ಸಹಿ ಮಾಡುವುದರ ಬದಲು, ಅದರ ಕೆಲವು ಷರತ್ತುಗಳನ್ನು ಬದಲಿಸಬೇಕೆಂದು ಕೋರುತ್ತಿದ್ದೇವೆ. ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಈಗಿನ ಒಪ್ಪಂದದಂತೆ ನಿಮ್ಮವರು ವರ್ಷಕ್ಕೆ ನಾಲ್ಕು ಸಲ, ಮೂರು ತಿಂಗಳಿಗೊಮ್ಮೆ, ಅಕ್ಟೋಬರ್, ಜನವರಿ, ಏಪ್ರಿಲ್ ಮತ್ತು ಜುಲೈ ತಿಂಗಳಲ್ಲಿ ಬರುತ್ತಾರೆ. ವರ್ಷವಿಡೀ ಒಂದೇ ಹದದಲ್ಲಿ ಓಡುವ ಆಸ್ಪತ್ರೆಯ ಅಥವಾ ಲಾಡ್ಜಿನ ಜನರೇಟರಿಗೆ ಈ ಲೆಕ್ಕ ಸರಿ. ನಮ್ಮದು ಓಡುವುದು ಅಡಿಕೆಯ ಲೆಕ್ಕದಲ್ಲಿ. ಕಳೆದ ಅಕ್ಟೋಬರಿನಿಂದ ಈ ಜುಲೈ ಕೊನೆಯವರೆಗೆ ಮೀಟರಿನಲ್ಲಿ ಓಡಿದ ಒಟ್ಟು 312 ಗಂಟೆಗಳಲ್ಲಿ 221 ಗಂಟೆ ಅಕ್ಟೋಬರಿನಿಂದ ಜನವರಿಯೊಳಗೇ ಓಡಿದೆ. ಅಡಿಕೆ ಗೊನೆಗಳ ಕೊಯ್ಲು ಶುರುವಾದ ಮೇಲೆ ಎಂಟು ಸುಲಿಯುವ ಯಂತ್ರಗಳು, ನೀರಿನ ಪಂಪು, ಡ್ರೈಯರಿನ ಎರಡು ಬ್ಲೋವರುಗಳು ಒಟ್ಟಿಗೆ ನಡೆಯುತ್ತವೆ. ಕರೆಂಟು ಹೋದರೆ ಎಲ್ಲವೂ ಆ ಒಂದು ಯಂತ್ರದ ಮೇಲೆ ನಿಲ್ಲುತ್ತವೆ. ಇಂಥ ನಾಲ್ಕು ತಿಂಗಳಲ್ಲಿ ಬರುವ ಭೇಟಿ ಎರಡೇ, ಅದರಲ್ಲೂ ಒಂದು ಕೊಯ್ಲು ಆರಂಭವಾದ ಮೇಲೆ, ಇನ್ನೊಂದು ಅದು ಮುಗಿಯುವ ಹೊತ್ತಿಗೆ. ಏಪ್ರಿಲಿನಲ್ಲಿ ನಿಮ್ಮ ಮಂಜಣ್ಣನವರು ಅಷ್ಟು ದೂರದಿಂದ ಬಂದಾಗ ಮೀಟರು ಹಿಂದಿನ ಭೇಟಿಯಿಂದ ಹೆಚ್ಚೇನೂ ಮುಂದೆ ಹೋಗಿರುವುದಿಲ್ಲ. ಅವರು ಎಣ್ಣೆಯ ಕಡ್ಡಿ ನೋಡಿ, ಬ್ಯಾಟರಿಯ ತುದಿ ಒರೆಸಿ, ಚಹಾ ಕುಡಿದು ಹೊರಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಆ ದಿನ ಮಾಡಲು ಬೇರೆ ಕೆಲಸವೇ ಇರುವುದಿಲ್ಲ.

ಕಳೆದ ನವೆಂಬರ್ 19ರ ಸಂಜೆಯ ವಿಷಯ ನಿಮಗೆ ನೆನಪಿರಬಹುದು. ಆರೂವರೆಗೆ ಕರೆಂಟು ಹೋಯಿತು. ಜನರೇಟರು ನಲವತ್ತು ನಿಮಿಷ ಓಡಿ, ನೀರಿನ ಬಿಸಿ ಏರಿ, ತಾನಾಗಿ ನಿಂತಿತು. ಬಾಗಿಲು ತೆಗೆದು ನೋಡಿದರೆ ಫ್ಯಾನ್ ಬೆಲ್ಟ್ ಹರಿದು ಕೆಳಗೆ ಬಿದ್ದಿತ್ತು. ಅಂಗಳದಲ್ಲಿ ಹದಿನೆಂಟು ಕ್ವಿಂಟಾಲ್ ಹಸಿ ಅಡಿಕೆ ಇತ್ತು. ಸುಲಿದ ಅಡಿಕೆಯನ್ನು ಬೇಯಿಸದೆ ರಾತ್ರಿ ಕಳೆದರೆ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ಬಣ್ಣ ನೋಡಿಯೇ ರೇಟು ಹಾಕುತ್ತಾರೆ. ಸುಲಿಯದೆ ರಾಶಿ ಹಾಕಿಟ್ಟರೆ ಕಾಯಿ ಬೆವರುತ್ತದೆ. ಆ ರಾತ್ರಿ ಅಕ್ಕಪಕ್ಕದ ಮನೆಗಳಿಂದ ಹನ್ನೊಂದು ಹೆಂಗಸರು ಅಟ್ಟದ ಮೇಲಿದ್ದ ಮೆಟ್ಟುಗತ್ತಿಗಳನ್ನು ಇಳಿಸಿಕೊಂಡು ಬಂದು, ಚಾರ್ಜಿಂಗ್ ದೀಪಗಳ ಬೆಳಕಿನಲ್ಲಿ ಬೆಳಗಿನ ಜಾವದವರೆಗೆ ಕೈಯಲ್ಲೇ ಸುಲಿದರು. ಯಂತ್ರ ಬಂದ ಮೇಲೆ ಮೆಟ್ಟುಗತ್ತಿಯ ಮುಂದೆ ಕೂರುವ ಅಭ್ಯಾಸ ತಪ್ಪಿದ್ದರಿಂದ ಇಬ್ಬರ ಬೆರಳಿಗೆ ಗಾಯವೂ ಆಯಿತು. ನಾವು ಏಳು ಇಪ್ಪತ್ತಕ್ಕೆ ಫೋನ್ ಮಾಡಿದ್ದೆವು, ಮಂಜಣ್ಣನವರು ಮರುದಿನ ಮಧ್ಯಾಹ್ನ ಎರಡಕ್ಕೆ ಬೆಲ್ಟ್ ಹಿಡಿದು ಬಂದರು, ಇಪ್ಪತ್ತು ನಿಮಿಷದಲ್ಲಿ ಯಂತ್ರ ಮತ್ತೆ ಓಡಿತು. ಒಪ್ಪಂದದಲ್ಲಿ ಇಪ್ಪತ್ನಾಲ್ಕು ಗಂಟೆ ಎಂದಿದೆ, ನೀವು ಹತ್ತೊಂಬತ್ತು ಗಂಟೆಯೊಳಗೆ ಬಂದಿದ್ದೀರಿ. ಆದ್ದರಿಂದ ನಿಮ್ಮ ಮೇಲೆ ದೂರು ಹೇಳಲು ನಮಗೆ ಆಧಾರವಿಲ್ಲ. ಅಂಥ ಕರಾರಿಗೆ ನಾವೂ ಯೋಚಿಸದೆ ಸಹಿ ಹಾಕಿದ್ದೆವು ಎಂಬುದೇ ನಿಜ.

ಆದ್ದರಿಂದ ನಮ್ಮ ಮೊದಲ ಪ್ರಸ್ತಾಪ ಭೇಟಿಗಳ ಕುರಿತದ್ದು. ನಾಲ್ಕರ ಬದಲು ವರ್ಷಕ್ಕೆ ಆರು ಭೇಟಿಗಳಿರಲಿ ಮತ್ತು ಅವು ಕೊಯ್ಲಿನ ಕಾಲಕ್ಕೆ ಹೊಂದಿಕೊಂಡಿರಲಿ. ಸೆಪ್ಟೆಂಬರ್ ಕೊನೆಯ ವಾರದ್ದು ಪೂರ್ಣ ಸರ್ವಿಸ್: ಎಂಜಿನ್ ಆಯಿಲ್, ಮೂರೂ ಫಿಲ್ಟರುಗಳು, ಕೂಲೆಂಟ್, ಹೋಸ್ ಪೈಪುಗಳು, ಬ್ಯಾಟರಿ ಎಲ್ಲವನ್ನೂ ನೋಡಿ, ಬೆಲ್ಟನ್ನು ಹರಿಯುವವರೆಗೆ ಕಾಯದೆ ಪ್ರತಿ ವರ್ಷ ಹೊಸದು ಹಾಕುವುದು. ನವೆಂಬರ್ ಮತ್ತು ಡಿಸೆಂಬರಿನ ಮಧ್ಯಭಾಗದಲ್ಲಿ ಅರ್ಧ ದಿನದ ಎರಡು ಭೇಟಿಗಳು, ಯಂತ್ರ ಲೋಡಿನ ಮೇಲೆ ಇರುವಾಗಲೇ. ಫೆಬ್ರವರಿಯಲ್ಲಿ ಒಂದು ಭೇಟಿ, ಏಕೆಂದರೆ ಸುಲಿತದ ಕಾಲದಲ್ಲಿ ಸಿಪ್ಪೆಯ ನಾರು ಮತ್ತು ಧೂಳು ರೇಡಿಯೇಟರಿನ ಕಣ್ಣುಗಳಲ್ಲಿ ಕಂಬಳಿಯಂತೆ ಕೂತಿರುತ್ತದೆ, ಅದನ್ನು ತೊಳೆಯದೆ ಬಿಟ್ಟರೆ ಮುಂದಿನ ವರ್ಷವೂ ಬಿಸಿಯ ತೊಂದರೆ ತಪ್ಪದು. ಉಳಿದ ಎರಡು ಜೂನ್ ಮೊದಲ ವಾರ ಮತ್ತು ಆಗಸ್ಟಿನಲ್ಲಿ.

ಯಂತ್ರ ಹೆಚ್ಚು ಓಡದ ಮಳೆಗಾಲದಲ್ಲಿ ಎರಡು ಭೇಟಿ ಏಕೆ ಎಂದು ನೀವು ಕೇಳಬಹುದು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಯಂತ್ರ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಕಳೆದ ವರ್ಷದ ಜುಲೈ ಭೇಟಿಯಲ್ಲಿ ಮಂಜಣ್ಣನವರು ಆಲ್ಟರ್ನೇಟರಿನ ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೆ ಅಡಿಕೆ ಸಿಪ್ಪೆಯ ನಾರನ್ನೇ ಹಿಂಜಿ ಇಲಿ ಕಟ್ಟಿದ ಗೂಡು ಸಿಕ್ಕಿತ್ತು. ಮೆಗ್ಗರ್ ಹಚ್ಚಿ ನೋಡಿದರೆ ವೈಂಡಿಂಗಿನ ಇನ್ಸುಲೇಶನ್ ಒಂದು ಮೆಗ್‌ಓಮಿಗಿಂತ ಕೆಳಗಿತ್ತು. ಅವರು ಒಳಗೆ 200 ವ್ಯಾಟಿನ ಬಲ್ಬೊಂದನ್ನು ಇಳಿಬಿಟ್ಟು, ಗೋಣಿ ಹೊದಿಸಿ, ಎರಡು ರಾತ್ರಿ ಒಣಗಿಸಿದ ಮೇಲೆಯೇ ಅಂಕಿ ಮೇಲೇರಿದ್ದು. ಅಂದು ಅದನ್ನು ನೋಡದೆ ಸೀಸನ್ನಿನಲ್ಲಿ ನೇರವಾಗಿ ಚಾಲೂ ಮಾಡಿದ್ದರೆ ವೈಂಡಿಂಗೇ ಸುಟ್ಟುಹೋಗುತ್ತಿತ್ತು. ಹಾಗಾಗಿ ಜೂನ್ ಮತ್ತು ಆಗಸ್ಟಿನ ಭೇಟಿಗಳಲ್ಲಿ ಮೆಗ್ಗರ್ ಪರೀಕ್ಷೆ ಕಡ್ಡಾಯವಾಗಿರಲಿ, ಬಂದ ಅಂಕಿಯನ್ನು ನಮ್ಮ ಪುಸ್ತಕದಲ್ಲಿ ಬರೆದು ಸಹಿ ಮಾಡಲಿ. ಮಳೆಗಾಲದಲ್ಲಿ ಪ್ರತಿ ಶನಿವಾರ ಅರ್ಧ ಗಂಟೆ ಓಡಿಸುವ ಹೊಣೆ ನಮ್ಮದು. ಇದುವರೆಗೆ ನಾವು ಲೋಡಿಲ್ಲದೆ ಐದು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದೆವು, ಹಾಗೆ ಮಾಡಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಜಿಡ್ಡು ಕಟ್ಟುತ್ತದೆಂದು ನಿಮ್ಮವರೇ ಎಚ್ಚರಿಸಿದ್ದಾರೆ. ಇನ್ನು ಮುಂದೆ ಪಂಪು, ಬ್ಲೋವರುಗಳನ್ನು ಹಾಕಿಯೇ ಓಡಿಸುತ್ತೇವೆ. ಎಷ್ಟು ಲೋಡ್ ಸಾಕೆಂಬುದನ್ನು ನೀವು ಬರೆದುಕೊಡಬೇಕು.

ತುರ್ತು ಕರೆಯ ವಿಷಯದಲ್ಲಿ ಒಪ್ಪಂದದ ಐದನೆಯ ಷರತ್ತನ್ನು ಹೀಗೆ ಬದಲಿಸಬಹುದೆಂದು ಸೂಚಿಸುತ್ತೇವೆ: “ಅಕ್ಟೋಬರ್ 1ರಿಂದ ಜನವರಿ 31ರವರೆಗೆ ಕರೆ ಬಂದ ಎಂಟು ಗಂಟೆಗಳೊಳಗೆ, ಉಳಿದ ತಿಂಗಳುಗಳಲ್ಲಿ ಇಪ್ಪತ್ನಾಲ್ಕು ಗಂಟೆಗಳೊಳಗೆ ಮೆಕ್ಯಾನಿಕ್ ಘಟಕವನ್ನು ತಲುಪತಕ್ಕದ್ದು. ಮರ ಬಿದ್ದು, ಧರೆ ಕುಸಿದು ಅಥವಾ ನೀರು ಬಂದು ರಸ್ತೆ ಬಂದಾದ ಅವಧಿಯನ್ನು ಈ ಲೆಕ್ಕದಿಂದ ಬಿಡತಕ್ಕದ್ದು. ಕಾಲಮಿತಿ ಮೀರಿದ ಪ್ರತಿ ಸಂದರ್ಭಕ್ಕೆ ಸೇವಾದಾರರು ಒಂದು ಹೆಚ್ಚುವರಿ ಭೇಟಿಯನ್ನು ಶುಲ್ಕವಿಲ್ಲದೆ ನೀಡತಕ್ಕದ್ದು.” ನಮ್ಮ ಪಾಲುದಾರರಲ್ಲಿ ಕೆಲವರು ದಂಡದ ಮೊತ್ತವನ್ನು ಬರೆಯಿಸಬೇಕೆಂದರು, ಹನ್ನೊಂದು ವರ್ಷಗಳ ಸಂಬಂಧದಲ್ಲಿ ಆ ಪದ ಬೇಡವೆಂದು ನಾನೇ ತಡೆದಿದ್ದೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಅರವತ್ತು ಕಿಲೋಮೀಟರು, ಅಲ್ಲಿಂದ ಮುಂದೆ ನಮ್ಮಲ್ಲಿಗೆ ರಾತ್ರಿ ಹೊತ್ತು ಬಸ್ಸಿಲ್ಲ ಎಂಬುದು ನಮಗೂ ಗೊತ್ತು. ರಾತ್ರಿ ಕರೆಗೆ ಬಂದವರ ವಾಹನದ ಖರ್ಚನ್ನು ಕಿಲೋಮೀಟರಿಗೆ 12 ರೂಪಾಯಿಯಂತೆ ಪ್ರತ್ಯೇಕವಾಗಿ ಕೊಡುತ್ತೇವೆ. ಉಳಿಯಲು ಕೋಣೆ, ಊಟ ಎಂದಿನಂತೆ ನಮ್ಮದೇ.

ಬಿಡಿಭಾಗಗಳ ದಾಸ್ತಾನು ನಮ್ಮಲ್ಲೇ ಇದ್ದರೆ ಈ ಓಡಾಟದ ಅರ್ಧ ತಪ್ಪುತ್ತದೆ. ಎರಡು ಫ್ಯಾನ್ ಬೆಲ್ಟ್, ಡೀಸೆಲ್ ಮತ್ತು ಆಯಿಲ್ ಫಿಲ್ಟರಿನ ಒಂದೊಂದು ಜೊತೆ, ಒಂದು ಎವಿಆರ್ ಕಾರ್ಡು, ಫ್ಯೂಸುಗಳು, ಇಷ್ಟನ್ನು ನಮ್ಮ ಖರ್ಚಿನಲ್ಲಿ ನಿಮ್ಮ ಮೂಲಕವೇ ಕೊಂಡು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬೆಲ್ಟ್ ಹಾಕುವುದನ್ನು ನಮ್ಮ ಆಪರೇಟರಿಗೆ ಸೆಪ್ಟೆಂಬರಿನ ಭೇಟಿಯಲ್ಲಿ ಒಮ್ಮೆ ಕಲಿಸಿಕೊಡಬೇಕು, ಹಾಗೆ ಅವನು ಹಾಕಿದ್ದರಿಂದ ಒಪ್ಪಂದದ ಹೊಣೆ ತಪ್ಪುವುದಿಲ್ಲವೆಂದು ಒಂದು ಸಾಲು ಸೇರಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ನಮಗೆ ಮರಳಿಸಿದರೆ ಸಾಕು.

ಶುಲ್ಕದ ವಿಷಯ. ಈಗ ವರ್ಷಕ್ಕೆ 38,000 ರೂಪಾಯಿ ಮತ್ತು ಶೇ. 18 ಜಿಎಸ್‌ಟಿ ಕೊಡುತ್ತಿದ್ದೇವೆ. ಭೇಟಿಗಳು ಹೆಚ್ಚುವುದರಿಂದ ಮೊದಲ ವರ್ಷಕ್ಕೆ 50,000, ಎರಡನೆಯ ವರ್ಷಕ್ಕೆ 52,500, ಮೂರನೆಯ ವರ್ಷಕ್ಕೆ 55,125 ರೂಪಾಯಿಗಳನ್ನು, ಜಿಎಸ್‌ಟಿ ಪ್ರತ್ಯೇಕವಾಗಿ, ಪ್ರಸ್ತಾಪಿಸುತ್ತೇವೆ. ಭೇಟಿಯೊಂದಕ್ಕೆ ಹಾಕಿ ನೋಡಿದರೆ ಇದು ಈಗಿನ 9,500ಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಆರರಲ್ಲಿ ಎರಡು ಅರ್ಧ ದಿನದವು ಎಂಬುದನ್ನು ಗಮನಿಸಬೇಕು. ಹಣವನ್ನು ಮೂರು ತಿಂಗಳಿಗೊಮ್ಮೆ ಸಮಪಾಲಾಗಿ ಕೊಡುವ ಪದ್ಧತಿಯ ಬದಲು, ಶೇ. 40ನ್ನು ಅಕ್ಟೋಬರ್ ಮೊದಲ ವಾರದಲ್ಲಿ ಮುಂಗಡವಾಗಿ, ಉಳಿದದ್ದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕೊಡಲು ಅನುಕೂಲವಾಗುತ್ತದೆ. ಜುಲೈ ತಿಂಗಳ ಕಂತು ಪ್ರತಿ ವರ್ಷ ತಡವಾಗುತ್ತಿದ್ದುದಕ್ಕೆ ಕಾರಣ ಬೇರೇನೂ ಅಲ್ಲ, ಆಗ ನಮ್ಮ ಖಾತೆಯಲ್ಲಿ ಹಣ ಇರುವುದಿಲ್ಲ. ಆ ತಡಕ್ಕೆ ಕ್ಷಮೆ ಕೋರುತ್ತೇವೆ.

ಮೂರು ವರ್ಷದ ಅವಧಿಯನ್ನೇ ಕೇಳುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಜನರೇಟರುಗಳ ಹೊಗೆಯ ಬಗೆಗಿನ ಹೊಸ ನಿಯಮ 2023ರ ಜುಲೈ 1ರಿಂದ ಜಾರಿಯಾದ ಮೇಲೆ ಹೊಸ ಯಂತ್ರಗಳ ಬೆಲೆ ನಮ್ಮ ಕೈಗೆ ಎಟುಕುವಂತಿಲ್ಲ, ಅವುಗಳ ಎಲೆಕ್ಟ್ರಾನಿಕ್ ಭಾಗಗಳನ್ನು ಇಲ್ಲಿ ಬಿಚ್ಚಿ ನೋಡುವವರೂ ಸಿಗುವುದು ಕಷ್ಟ. ಇರುವ ಯಂತ್ರವನ್ನು 2028ರವರೆಗಾದರೂ ಉಳಿಸಿಕೊಳ್ಳಬೇಕೆಂದಿದ್ದೇವೆ. ಅಷ್ಟು ಕಾಲ ಇದರ ಬಿಡಿಭಾಗಗಳು ದೊರೆಯುವ ಬಗ್ಗೆ ನಿಮ್ಮ ಅಂದಾಜನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ವಿನಂತಿ. ಆಗದು ಎಂದಾದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ಈ ವರ್ಷದ ಜುಲೈ ಭೇಟಿ ಮಳೆಯಿಂದಾಗಿ ನಡೆದಿಲ್ಲ. ಅದನ್ನು ರದ್ದೆಂದು ಎಣಿಸದೆ, ಸೆಪ್ಟೆಂಬರ್ ಕೊನೆಯ ವಾರದ ಪೂರ್ಣ ಸರ್ವಿಸ್ ಆಗಿ ಮಾಡಿಕೊಟ್ಟರೆ ಹಳೆಯ ಒಪ್ಪಂದದ ಲೆಕ್ಕ ಚುಕ್ತಾ ಆಗುತ್ತದೆ, ಈ ಸಲದ ಕೊಯ್ಲಿಗೆ ಯಂತ್ರವೂ ಸಿದ್ಧವಾಗುತ್ತದೆ. ಆ ಭೇಟಿಯ ಕಂತನ್ನು ಅಂದೇ ಪಾವತಿಸುತ್ತೇವೆ.

ಪಾಲುದಾರರ ಸಭೆ ಸೆಪ್ಟೆಂಬರ್ 7ರ ಭಾನುವಾರ ಇದೆ. ನಿಮ್ಮ ಉತ್ತರ ಚೌತಿಗೆ ಮೊದಲು ಕೈಸೇರಿದರೆ ಸಭೆಯ ಮುಂದಿಡಲು ಅನುಕೂಲ. ಯಾವ ಷರತ್ತು ಒಪ್ಪಿಗೆಯಾಗದಿದ್ದರೂ ಅದನ್ನಷ್ಟೇ ಗುರುತು ಮಾಡಿ ಕಳುಹಿಸಿ, ಉಳಿದದ್ದನ್ನು ಫೋನಿನಲ್ಲಿ ಮಾತಾಡಿ ತೀರ್ಮಾನಿಸೋಣ. ಇಲ್ಲಿ ನೆಟ್‌ವರ್ಕ್ ಸಿಗುವುದು ಬೆಳಿಗ್ಗೆ ಒಂಬತ್ತರ ನಂತರ, ಅದೂ ಮಳೆ ಬಿಟ್ಟಿದ್ದರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶ್ರೀಧರ
ಕಾರ್ಯದರ್ಶಿ

ಲಗತ್ತು: ಈಗಿನ ಒಪ್ಪಂದದ ನಕಲು, ಅಕ್ಟೋಬರ್ 2024ರಿಂದ ಜುಲೈ 2025ರವರೆಗಿನ ಓಟದ ಪುಸ್ತಕದ ನಕಲು.